ಭೈರಪ್ಪ, ತೇಜಸ್ವಿ ಆಯ್ತು, ಮುಂದೇನು? ಕನ್ನಡಕ್ಕೆ ಬಂದ ಕಾದಂಬರಿಗಳಲ್ಲಿ ಯಾವುದನ್ನು ಮೊದಲು ಎತ್ತಿಕೊಳ್ಳೋದು

ಭೈರಪ್ಪ, ತೇಜಸ್ವಿ, ಅನಂತಮೂರ್ತಿ, ಕಾರಂತರನ್ನು ಓದಿ ಮುಗಿಸಿದವರು ಅನುವಾದಗಳ ಕಪಾಟಿನ ಮುಂದೆ ನಿಂತಾಗ ಹೆಚ್ಚಾಗಿ ಹೆಸರು ನೋಡಿ ಪುಸ್ತಕ ಎತ್ತಿಕೊಳ್ಳುತ್ತಾರೆ. ಇದಕ್ಕೆ ನೊಬೆಲ್ ಬಂದಿದೆ, ಇದಕ್ಕೆ ಜ್ಞಾನಪೀಠ, ಇದು ಸಿನಿಮಾ ಆಗಿದೆ ಅಂತ. ಮನೆಗೆ ತಂದು ಐವತ್ತು ಪುಟ ಓದಿ ಕೆಳಗಿಡುತ್ತಾರೆ. ಆಮೇಲೆ 'ನನಗೆ ಅನುವಾದ ಹಿಡಿಸಲ್ಲ' ಅನ್ನುವ ತೀರ್ಮಾನ. ಎಷ್ಟೋ ಸಲ ತಪ್ಪು ಪುಸ್ತಕದ್ದೂ ಅಲ್ಲ, ಓದುಗರದ್ದೂ ಅಲ್ಲ. ಮೊದಲು ಓದಬೇಕಾದದ್ದನ್ನು ಆಮೇಲೆ, ಆಮೇಲೆ ಓದಬೇಕಾದದ್ದನ್ನು ಮೊದಲು ಓದಿದ್ದಷ್ಟೇ.

ಆಯ್ಕೆಗೆ ಎರಡು ವಿಷಯ ನೋಡಿದರೆ ಸಾಕು ಅಂತ ನನ್ನ ಅಭಿಪ್ರಾಯ. ಒಂದು, ಪುಸ್ತಕ ಕನ್ನಡಕ್ಕೆ ಯಾವ ದಾರಿಯಲ್ಲಿ ಬಂದಿದೆ. ಇನ್ನೊಂದು, ನಿಮಗೆ ಈಗಾಗಲೇ ಇಷ್ಟವಾದ ಕನ್ನಡ ಲೇಖಕ ಯಾರು. ಪ್ರಶಸ್ತಿ ಆಮೇಲೆ ನೋಡಿಕೊಳ್ಳಬಹುದು.

ಬಂದ ದಾರಿ ಯಾಕೆ ಮುಖ್ಯ

ಮಲಯಾಳಂ, ತಮಿಳು, ತೆಲುಗು, ಮರಾಠಿಯಿಂದ ಬರುವ ಪುಸ್ತಕಗಳು ಹೆಚ್ಚಾಗಿ ನೇರವಾಗಿ ಬರುತ್ತವೆ. ಅನುವಾದಕರು ಎರಡೂ ಭಾಷೆಯಲ್ಲಿ ಬದುಕಿದವರು. ಸಾರಾ ಅಬೂಬಕ್ಕರ್ ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿದ್ದು ಕನ್ನಡದಲ್ಲಿ ಬರೆದವರು, ಮಲಯಾಳಂನಿಂದ ಅನುವಾದವನ್ನೂ ಮಾಡಿದರು. ಕೆ. ನಲ್ಲತಂಬಿ ತಮಿಳಿನಿಂದ ಕನ್ನಡಕ್ಕೂ ತರುತ್ತಾರೆ, ಕನ್ನಡದಿಂದ ತಮಿಳಿಗೂ ಒಯ್ಯುತ್ತಾರೆ. ಇಂಥವರಿಗೆ ನಿಘಂಟು ತೆರೆಯುವ ಮೊದಲೇ ಮಾತು ಬಾಯಿಗೆ ಬಂದಿರುತ್ತದೆ.

ಇನ್ನೊಂದು ಅನುಕೂಲವೂ ಇದೆ. ಈ ಭಾಷೆಗಳ ಬದುಕು ನಮ್ಮದಕ್ಕೆ ಹತ್ತಿರ. ನಾದಿನಿ, ಓರಗಿತ್ತಿ, ಸೋದರಮಾವ ಅಂದರೆ ಯಾರು ಅಂತ ಯಾರೂ ವಿವರಿಸಬೇಕಾಗಿಲ್ಲ. ಸೋದರಮಾವನ ಮಗಳನ್ನು ಮದುವೆಯಾಗುವ ವಿಷಯ ಬಂದರೆ ತಮಿಳಿನಲ್ಲೂ ತೆಲುಗಿನಲ್ಲೂ ಅದು ಮನೆಮಾತು, ನಮ್ಮಲ್ಲೂ ಹಾಗೇ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದೂ ಒಂದೇ ಥರ. ಹಾಗಾಗಿ ಮೂಲದ ವಾಕ್ಯವನ್ನು ಮುರಿದು ಕಟ್ಟುವ ಕೆಲಸ ಕಡಿಮೆ.

ರಷ್ಯನ್, ಫ್ರೆಂಚ್, ಸ್ಪ್ಯಾನಿಷ್ ಪುಸ್ತಕಗಳ ಕತೆ ಬೇರೆ. ಇವು ಬಹುತೇಕ ಇಂಗ್ಲಿಷ್ ದಾಟಿಯೇ ಕನ್ನಡಕ್ಕೆ ಬರುತ್ತವೆ. ಇಲ್ಲೊಂದು ಸೂಕ್ಷ್ಮ ಇದೆ. ಆ ಮೂರೂ ಭಾಷೆಗಳಲ್ಲಿ ನಮ್ಮ ಹಾಗೆ 'ನೀನು' ಬೇರೆ, 'ನೀವು' ಬೇರೆ. ಗಂಡ ಹೆಂಡತಿಯನ್ನು, ಧಣಿ ಆಳನ್ನು ಯಾವುದರಲ್ಲಿ ಕರೆಯುತ್ತಾನೆ ಅನ್ನುವುದರಲ್ಲೇ ಅರ್ಧ ಸಂಬಂಧ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಎರಡೂ ಒಂದೇ ಆಗಿಬಿಡುತ್ತದೆ. ಕನ್ನಡ ಅನುವಾದಕರು ಆ ವ್ಯತ್ಯಾಸವನ್ನು ಊಹಿಸಿ ಮತ್ತೆ ಹುಟ್ಟಿಸಬೇಕು. ಒಳ್ಳೆಯವರು ಸರಿಯಾಗಿ ಊಹಿಸುತ್ತಾರೆ. ಅವಸರದವರು ಎಲ್ಲರ ಬಾಯಲ್ಲೂ 'ನೀವು' ಇಟ್ಟುಬಿಡುತ್ತಾರೆ. ಪ್ರೀತಿಸುವವರು, ಜಗಳ ಆಡುವವರು, ಕುಡಿದವರು, ಎಲ್ಲರೂ ಸಭೆಯಲ್ಲಿ ನಿಂತ ಹಾಗೆ ಮಾತಾಡುತ್ತಾರೆ.

ಅದಕ್ಕೇ ಅನುವಾದ ಓದಿ ರೂಢಿ ಇಲ್ಲದವರಿಗೆ ನನ್ನ ಸಲಹೆ: ಮೊದಲು ನೆರೆಭಾಷೆ, ಆಮೇಲೆ ದೂರದ್ದು. ದೂರದ್ದು ಕಡಿಮೆ ಅಂತಲ್ಲ. ಆ ಹೊತ್ತಿಗೆ ಕೊಂಚ ಒರಟು ವಾಕ್ಯ ಬಂದರೂ ದಾಟಿ ಹೋಗುವ ತಾಳ್ಮೆ ಬಂದಿರುತ್ತದೆ, ಅಷ್ಟೇ.

ಭೈರಪ್ಪನವರ 'ಪರ್ವ' ಇಷ್ಟವಾದವರಿಗೆ: ಖಾಂಡೇಕರ್ ಅಥವಾ ವೋಲ್ಗಾ

ಪುರಾಣವನ್ನು ಮನುಷ್ಯರ ಕತೆಯಾಗಿ ಓದುವ ರುಚಿ ಹತ್ತಿದವರ ಮುಂದೆ ಎರಡು ಒಳ್ಳೆಯ ಪುಸ್ತಕಗಳಿವೆ. ಎರಡೂ ಒಂದಕ್ಕೊಂದು ಪೂರ್ತಿ ವಿರುದ್ಧ ಸ್ವಭಾವದವು.

ವಿ.ಸ. ಖಾಂಡೇಕರರ 'ಯಯಾತಿ' ಮರಾಠಿಯಲ್ಲಿ ಬಂದದ್ದು 1959ರಲ್ಲಿ. ಖಾಂಡೇಕರರಿಗೆ 1974ರ ಜ್ಞಾನಪೀಠ ಸಿಕ್ಕಿತು. ಕನ್ನಡಕ್ಕೆ ತಂದವರು ವಿ.ಎಂ. ಇನಾಂದಾರ್. ಅವರೇ ಕಾದಂಬರಿಕಾರರು, ವಿಮರ್ಶಕರು. ಕತೆಯನ್ನು ಯಯಾತಿ, ದೇವಯಾನಿ, ಶರ್ಮಿಷ್ಠೆ ತಮ್ಮ ತಮ್ಮ ಬಾಯಲ್ಲೇ ಹೇಳುತ್ತಾರೆ. ಈ ಕ್ರಮದಲ್ಲೇ ಪುಸ್ತಕದ ಬಲ ಇದೆ. ಯಯಾತಿ ಹೇಳುವಾಗ ದೇವಯಾನಿ ಸೊಕ್ಕಿನ ಹೆಂಡತಿ. ದೇವಯಾನಿಯೇ ಬಾಯಿ ಬಿಟ್ಟಾಗ ಕಚನಿಂದ ಏಟು ತಿಂದ ಹುಡುಗಿ ಕಾಣುತ್ತಾಳೆ. 'ಪರ್ವ'ದಲ್ಲೂ ಕತೆ ಒಬ್ಬೊಬ್ಬರ ಮನಸ್ಸಿನ ಒಳಗಿಂದ ಸಾಗುತ್ತದಲ್ವಾ, ಹಾಗಾಗಿ ಕಟ್ಟಡ ಪರಿಚಿತ ಅನ್ನಿಸುತ್ತದೆ.

ಆದರೆ ಒಂದು ವ್ಯತ್ಯಾಸ ಗೊತ್ತಿರಲಿ. ಭೈರಪ್ಪ ಪವಾಡಗಳನ್ನೆಲ್ಲ ಕಿತ್ತುಹಾಕಿ ನೆಲದ ಮೇಲೆ ನಿಲ್ಲಿಸಿದರು. ಖಾಂಡೇಕರ್ ಹಾಗೆ ಮಾಡುವುದಿಲ್ಲ. ಶುಕ್ರನ ಶಾಪ ಇದೆ, ಮುಪ್ಪು ಬರುತ್ತದೆ, ಮಗ ಪುರು ತನ್ನ ಯೌವನ ಕೊಡುತ್ತಾನೆ. ಅವರಿಗೆ ಬೇಕಾದದ್ದು ವಾಸ್ತವವಲ್ಲ, ಬೇಕು ಬೇಕು ಅನ್ನುವ ಮನಸ್ಸು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದು. ಬರವಣಿಗೆಯಲ್ಲಿ ಭಾವುಕತೆ ಜಾಸ್ತಿ. ಪುಟಕ್ಕೆರಡು ಸುಭಾಷಿತದಂಥ ವಾಕ್ಯ ಸಿಗುತ್ತವೆ. ಕೆಲವರು ಅದರ ಕೆಳಗೆ ಗೆರೆ ಎಳೆಯುತ್ತಾರೆ, ಕೆಲವರಿಗೆ ಅದೇ ಭಾರವಾಗುತ್ತದೆ. ನಾನು ಎರಡನೇ ಗುಂಪಿನವನು. ಆದರೂ ದೇವಯಾನಿಯ ಭಾಗಕ್ಕಾಗಿ ಈ ಪುಸ್ತಕ ಓದಲೇಬೇಕು ಅನ್ನುತ್ತೇನೆ. ಗಿರೀಶ ಕಾರ್ನಾಡರ ನಾಟಕ ಓದಿದ್ದರೆ ಹೋಲಿಸುವ ಮಜಾ ಬೇರೆ. ಅಲ್ಲಿ ಪುರುವಿನ ಹೆಂಡತಿ ಚಿತ್ರಲೇಖೆ ಬಂದು ಮಾವನನ್ನೇ ಪ್ರಶ್ನೆ ಮಾಡುತ್ತಾಳೆ. ಇಲ್ಲಿ ಎಲ್ಲವೂ ಯಯಾತಿಯ ಹಸಿವಿನ ಸುತ್ತ.

ವೋಲ್ಗಾ ಅವರ 'ವಿಮುಕ್ತ' ತೆಲುಗಿನದು. 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಕನ್ನಡದಲ್ಲಿ ಅಜಯ್ ವರ್ಮಾ ಅಲ್ಲೂರಿ 'ವಿಮುಕ್ತೆ' ಅಂತ ತಂದಿದ್ದಾರೆ. ಇದು ಕಾದಂಬರಿ ಅನ್ನುವುದಕ್ಕಿಂತ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಐದು ಕತೆ. ಸೀತೆ ಬೇರೆ ಬೇರೆ ಹೊತ್ತಿನಲ್ಲಿ ಶೂರ್ಪನಖಿ, ಅಹಲ್ಯೆ, ರೇಣುಕೆ, ಊರ್ಮಿಳೆಯನ್ನು ಭೇಟಿಯಾಗುತ್ತಾಳೆ. ಕೊನೆಯದು ರಾಮನ ಕತೆ. ಯುದ್ಧ ಇಲ್ಲ, ಶಾಪ ಇಲ್ಲ. ಇಬ್ಬರು ಹೆಂಗಸರು ಕೂತು ಮಾತಾಡುತ್ತಾರೆ.

ಕನ್ನಡದವರಿಗೆ ಇದರಲ್ಲಿ ರೇಣುಕೆಯ ಕತೆ ವಿಶೇಷವಾಗಿ ತಟ್ಟಬೇಕು. ಸವದತ್ತಿ ಯಲ್ಲಮ್ಮನ ಕತೆ ಕೇಳಿದವರಿಗೆ ಮರಳಿನ ಕೊಡ ಗೊತ್ತು. ಮನಸ್ಸು ಒಂದು ಗಳಿಗೆ ಅತ್ತಿತ್ತ ಹೋದದ್ದೇ ಆ ಕೊಡ ನಿಲ್ಲಲಿಲ್ಲ ಅನ್ನುತ್ತಾರೆ. ವೋಲ್ಗಾ ಅದೇ ಮರಳಿನ ಕೊಡವನ್ನು ಹಿಡಿದುಕೊಂಡು, ಹೆಂಗಸಿನ ಪಾತಿವ್ರತ್ಯ ಅಂದರೆ ಏನು, ಅದನ್ನು ಯಾರು ಅಳೆಯುತ್ತಾರೆ ಅಂತ ಕೇಳುತ್ತಾರೆ. ಜಾತ್ರೆಯ ಹಾಡಿನಲ್ಲಿ ಕೇಳಿದ ಕತೆ ಹೀಗೆ ಇನ್ನೊಂದು ಭಾಷೆಯಿಂದ ತಿರುಗಿ ಬಂದಾಗ ಹೊಸದಾಗಿ ಕಾಣುತ್ತದೆ.

ಹಾಗಾದರೆ ಯಾವುದು? ಒಂದೆರಡು ವಾರ ಒಂದೇ ಲೋಕದಲ್ಲಿ ಮುಳುಗಿರುವ ಆಸೆ ಇದ್ದರೆ 'ಯಯಾತಿ'. ಒಂದು ಭಾನುವಾರದ ಮಟ್ಟಿಗೆ ಏನಾದರೂ ಬೇಕು, ಮನೆಯಲ್ಲಿ ಅದರ ಬಗ್ಗೆ ಜಗಳವೂ ಆಗಬೇಕು ಅಂದರೆ 'ವಿಮುಕ್ತೆ'. ಕತೆಗಿಂತ ವಾದವೇ ಮುಂದೆ ಬಂತು ಅನ್ನಿಸುವ ಜಾಗಗಳು ವೋಲ್ಗಾರಲ್ಲಿ ಇವೆ. ಆ ಥರದ ಬರಹ ಆಗಿಬರದವರು ಖಾಂಡೇಕರರ ಕಡೆಗೇ ಹೋಗಲಿ.

ತೇಜಸ್ವಿ ಓದುಗರಿಗೆ: ಮರುಭೂಮಿ ಅಥವಾ ಕೊಂಗುನಾಡು

ತೇಜಸ್ವಿಯವರ ಓದುಗರಿಗೆ ಅನುವಾದ ಹೊಸದೇನಲ್ಲ. ಜಿಮ್ ಕಾರ್ಬೆಟ್, ಕೆನೆತ್ ಆಂಡರ್ಸನ್, 'ಮಹಾಪಲಾಯನ', ಪ್ರದೀಪ ಕೆಂಜಿಗೆ ಜೊತೆ ಮಾಡಿದ 'ಪ್ಯಾಪಿಲಾನ್', ಇವೆಲ್ಲ ಅವರ ಕಡೆಯಿಂದಲೇ ಬಂದವು. ಆ ಓದುಗರಿಗೆ ಮಣ್ಣು, ಪ್ರಾಣಿ, ತಪ್ಪಿಸಿಕೊಂಡು ಓಡುವ ಕತೆ ಬೇಕು. ನಾಟಕೀಯ ಮಾತು ಬೇಡ.

ಅಂಥವರಿಗೆ ಬೆನ್ಯಾಮಿನ್ ಬರೆದ 'ಆಡುಜೀವಿತಂ' ಸುಲಭದ ಆಯ್ಕೆ. 2008ರ ಮಲಯಾಳಂ ಕಾದಂಬರಿ. ಕನ್ನಡದಲ್ಲಿ ಡಾ. ಅಶೋಕ್ ಕುಮಾರ್ ಅವರ ಅನುವಾದದಲ್ಲಿ 'ಆಡು ಜೀವನ'. ನಜೀಬ್ ಎಂಬ ಹುಡುಗ ಬಸುರಿ ಹೆಂಡತಿಯನ್ನು ಊರಲ್ಲಿ ಬಿಟ್ಟು ಸೌದಿಗೆ ಹೋಗುತ್ತಾನೆ. ಏರ್‌ಪೋರ್ಟಿನಲ್ಲಿ ಯಾರೋ ಅರಬ ತನ್ನ ಕಫೀಲ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಧಣಿ, ಇರಬೇಕು ಅಂದುಕೊಂಡು ಅವನ ಗಾಡಿ ಹತ್ತುತ್ತಾನೆ. ಇಳಿಯುವುದು ಮರುಭೂಮಿಯ ನಡುವೆ ಆಡಿನ ದೊಡ್ಡಿಯಲ್ಲಿ. ಸ್ನಾನಕ್ಕೆ ನೀರಿಲ್ಲ, ಮಾತಿಗೆ ಮನುಷ್ಯರಿಲ್ಲ. ಆಡುಗಳಿಗೆ ಊರಿನ ಜನರ ಹೆಸರಿಟ್ಟು ಮಾತಾಡಿಸುತ್ತಾ ಇರುತ್ತಾನೆ. ಅಧ್ಯಾಯಗಳು ಚಿಕ್ಕವು, ಹೇಳುವವನು ನಜೀಬನೇ, ಮಾತು ನೇರ. ಅನುವಾದದಲ್ಲಿ ಹಾಳಾಗುವಂಥ ಅಲಂಕಾರ ಮೂಲದಲ್ಲೇ ಕಡಿಮೆ. ಹೊಸಬರಿಗೆ ಇದನ್ನು ಮೊದಲು ಕೊಡುವುದು ಅದಕ್ಕೇ. ಉಡುಪಿ, ಭಟ್ಕಳ, ಮಂಗಳೂರಿನ ಕಡೆಯವರಿಗಂತೂ ಗಲ್ಫ್ ಅಂದರೆ ಯಾರದೋ ದೂರದ ಕತೆ ಅಲ್ಲ.

2024ರಲ್ಲಿ ಬ್ಲೆಸ್ಸಿ ಇದನ್ನು ಸಿನಿಮಾ ಮಾಡಿದರು. ಸಿನಿಮಾ ನೋಡಿದವರು ಪುಸ್ತಕ ಬಿಡಬೇಕಾಗಿಲ್ಲ. ಸಿನಿಮಾದಲ್ಲಿ ಮರಳು, ಬಾಯಾರಿಕೆ ಕಣ್ಣಿಗೆ ಹೊಡೆಯುತ್ತದೆ. ಪುಸ್ತಕದಲ್ಲಿ ನಜೀಬ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಾನೆ, ದೇವರ ಜೊತೆ ಜಗಳ ಆಡುತ್ತಾನೆ. ಅದು ಓದಿಗೇ ಸಿಗುವಂಥದ್ದು.

ಪೆರುಮಾಳ್ ಮುರುಗನ್ ಅವರ 'ಮಾದೊರುಬಾಗನ್' ಇದಕ್ಕಿಂತ ನಿಧಾನದ ಪುಸ್ತಕ, ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡದೂ ಹೌದು. 2010ರಲ್ಲಿ ತಮಿಳಿನಲ್ಲಿ ಬಂತು. ನಲ್ಲತಂಬಿ ಕನ್ನಡಕ್ಕೆ 'ಅರ್ಧನಾರೀಶ್ವರ' ಅಂತ ತಂದರು. ಚಾಮರಾಜನಗರ ದಾಟಿ ದಿಂಬಂ ಘಾಟಿ ಇಳಿದರೆ ಕೊಂಗುನಾಡು. ಇನ್ನೂ ಮುಂದೆ ಹೋದರೆ ತಿರುಚೆಂಗೋಡಿನ ಬೆಟ್ಟ, ಬೆಟ್ಟದ ಮೇಲೆ ಅರ್ಧನಾರೀಶ್ವರನ ಗುಡಿ. ಕತೆ ನಡೆಯುವುದು ಬ್ರಿಟಿಷರ ಕಾಲದಲ್ಲಿ. ಕಾಳಿ, ಪೊನ್ನಾ ಒಕ್ಕಲು ಮನೆಯ ಗಂಡ ಹೆಂಡತಿ. ಮದುವೆಯಾಗಿ ಹನ್ನೆರಡು ವರ್ಷ, ಮಕ್ಕಳಿಲ್ಲ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಜೀವ. ಆದರೆ ಊರು ಸುಮ್ನೆ ಬಿಡುವುದಿಲ್ಲ. ಹೊಲದ ಬದುವಿನಲ್ಲಿ, ಮದುವೆ ಮನೆಯಲ್ಲಿ, ಬಿತ್ತನೆಗೆ ಬೀಜ ಕೊಡುವಾಗ, ಎಲ್ಲೆಲ್ಲೂ ಒಂದು ಮಾತು ಚುಚ್ಚುತ್ತದೆ. ಮನೆಯವರು ಕೊನೆಗೆ ತೇರಿನ ಜಾತ್ರೆಯ ಹದಿನಾಲ್ಕನೇ ರಾತ್ರಿಯ ಕಡೆ ಕೈ ತೋರಿಸುತ್ತಾರೆ. ಆ ರಾತ್ರಿ ಯಾವ ಗಂಡಸಾದರೂ ದೇವರ ಸಮಾನ ಅನ್ನುವ ಪದ್ಧತಿ.

ಈ ಪುಸ್ತಕದ ವಿರುದ್ಧ 2014ರ ಕೊನೆಗೆ ಪ್ರತಿಭಟನೆ ಎದ್ದಿತು. 2015ರ ಜನವರಿಯಲ್ಲಿ ಮುರುಗನ್ ತಾನು ಲೇಖಕನಾಗಿ ಸತ್ತೆ ಅಂತ ಬರೆದುಕೊಂಡರು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಗಲಾಟೆಯ ಸುದ್ದಿ ಕೇಳಿ, ಅದರಲ್ಲಿ ಏನೋ ಇದೆ ಅಂತ ಪುಸ್ತಕ ಹಿಡಿದವರಿಗೆ ನಿರಾಸೆ ಆಗುತ್ತದೆ. ಅರ್ಧ ಪುಸ್ತಕ ದನ, ಕೊಟ್ಟಿಗೆ, ಮಳೆ, ಮರದ ನೆರಳು. ಕಾಳಿಗೆ ಮನೆಗಿಂತ ದನದ ದೊಡ್ಡಿಯೇ ಹಿತ. 'ಕರ್ವಾಲೊ'ದಲ್ಲಿ ಹಳ್ಳಿಯ ದಿನಚರಿ ಓದಿ ಖುಷಿಪಟ್ಟವರಿಗೆ ಈ ಭಾಗಗಳು ಬೇಸರ ತರಿಸಲಾರವು. ಅವಸರದವರಿಗೆ ತರಿಸಬಹುದು.

ಕೊನೆಯ ಬಗ್ಗೆ ಒಂದು ಎಚ್ಚರಿಕೆ. ಕತೆ ಬಂಡೆಯ ಅಂಚಿಗೆ ಬಂದು ನಿಂತುಬಿಡುತ್ತದೆ. ಮುರುಗನ್ ಆಮೇಲೆ ಇದಕ್ಕೆ ಎರಡು ಮುಂದುವರಿಕೆ ಬರೆದರು, ಒಂದೊಂದರಲ್ಲಿ ಕತೆ ಒಂದೊಂದು ದಿಕ್ಕಿಗೆ ಹೋಗುತ್ತದೆ. ಅವು ಗೊತ್ತಿಲ್ಲದೆಯೇ ಮೊದಲನೆಯದನ್ನು ಓದುವುದು ಒಳ್ಳೆಯದು. ಆ ನಿಲುಗಡೆಯೇ ಅದರ ಸರಿಯಾದ ಕೊನೆ.

ತೆಲುಗಿನಿಂದ ಇನ್ನೊಂದು ಚಿಕ್ಕ ಹೆಸರು ಇಲ್ಲೇ ಹೇಳಿಬಿಡುತ್ತೇನೆ. ಶ್ರೀರಮಣರ 'ಮಿಥುನ'ವನ್ನು ವಸುಧೇಂದ್ರ ಕನ್ನಡಕ್ಕೆ ತಂದಿದ್ದಾರೆ. ವಯಸ್ಸಾದ ಗಂಡ ಹೆಂಡತಿ, ಊಟ, ಹಿತ್ತಿಲು, ಹುಸಿಜಗಳ. ಸಂಡೂರಿನ ಕಡೆಯ ವಸುಧೇಂದ್ರರಿಗೆ ಆ ಮನೆಯ ಮಾತು ಒಳಗಿಂದ ಗೊತ್ತು. ಅಮ್ಮನಿಗೋ ಅಜ್ಜಿಗೋ ಕೊಡಲು ಪುಸ್ತಕ ಹುಡುಕುತ್ತಿದ್ದರೆ ಬೇರೆ ಯೋಚನೆ ಬೇಡ.

ನವ್ಯದ ಓದುಗರಿಗೆ: ದೂರದ ದೇಶಗಳು

'ಸಂಸ್ಕಾರ', ಲಂಕೇಶ್, ಚಿತ್ತಾಲರ ಕತೆಗಳನ್ನು ಓದಿದವರು ನೇರವಾಗಿ ದೂರದ ದಾರಿ ಹಿಡಿಯಬಹುದು. ಆಲ್ಬೆರ್ ಕಮೂ 1942ರಲ್ಲಿ ಫ್ರೆಂಚ್‌ನಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಡಿ.ಎ. ಶಂಕರ್ 'ಅನ್ಯ' ಅಂತ ತಂದರು. ತಾಯಿ ಸತ್ತರೂ ಅಳದ ಮನುಷ್ಯ, ಬಿಸಿಲು, ಒಂದು ಕೊಲೆ, ಒಂದು ವಿಚಾರಣೆ. ಚಿಕ್ಕ ಚಿಕ್ಕ ವಾಕ್ಯಗಳ ಪುಸ್ತಕವಾದ್ದರಿಂದ ಇಂಗ್ಲಿಷ್ ದಾಟಿ ಬಂದರೂ ಪೆಟ್ಟು ಕಡಿಮೆ ಬೀಳುವಂಥದ್ದು. ನಮ್ಮ ನವ್ಯದವರು ಯಾವ ಗಾಳಿ ಕುಡಿದು ಬರೆಯುತ್ತಿದ್ದರು ಅನ್ನುವುದೂ ಅರ್ಥವಾಗುತ್ತದೆ.

ಲ್ಯಾಟಿನ್ ಅಮೆರಿಕದ ವಿಷಯಕ್ಕೆ ಬಂದರೆ ಎಲ್ಲರೂ ಮೊದಲು ಕೇಳುವುದು ಮಾರ್ಕ್ವೆಜ್. 1967ರ ಆ ದೊಡ್ಡ ಕಾದಂಬರಿಯನ್ನು ಎ.ಎನ್. ಪ್ರಸನ್ನ 'ಒಂದು ನೂರು ವರ್ಷಗಳ ಏಕಾಂತ' ಅಂತ ಕನ್ನಡಕ್ಕೆ ತಂದರು. ಪುಸ್ತಕ ಅದ್ಭುತ. ಆದರೆ ಮೊದಲು ಓದಲು ಸರಿಯಾದ ಪುಸ್ತಕ ಅಲ್ಲ. ಕಾರಣ ತುಂಬ ಸರಳ: ಹೆಸರು. ಬುಯೆಂದಿಯಾ ಮನೆತನದಲ್ಲಿ ಏಳು ತಲೆಮಾರು ಬರುತ್ತದೆ, ಗಂಡುಮಕ್ಕಳಿಗೆ ಅವೇ ಎರಡು ಹೆಸರು, ಹೊಸೆ ಅರ್ಕಾದಿಯೊ ಇಲ್ಲವೇ ಔರೆಲಿಯಾನೊ. ಕರ್ನಲ್ ಔರೆಲಿಯಾನೊ ಬುಯೆಂದಿಯಾನಿಗೇ ಅದೇ ಹೆಸರಿನ ಹದಿನೇಳು ಮಕ್ಕಳು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮಲ್ಲೂ ಇದೆ, ಆದರೆ ನಾವು ಅಡ್ಡಹೆಸರು ಹಚ್ಚಿ ಬೇರೆ ಮಾಡುತ್ತೇವೆ. ಮಾರ್ಕ್ವೆಜ್ ಬೇಕೆಂದೇ ಗೊಂದಲ ಇಟ್ಟಿದ್ದಾರೆ. ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದುಕೊಂಡು ಪುಸ್ತಕದೊಳಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮೂರನೇ ತಲೆಮಾರಿನ ಹೊತ್ತಿಗೆ ಯಾರು ಯಾರ ಮಗ ಅಂತ ತಿಳಿಯದೆ ಬಿಟ್ಟುಬಿಡುತ್ತೀರಿ.

ಅದಕ್ಕಿಂತ ಮೊದಲು ಹ್ವಾನ್ ರುಲ್ಫೊ ಓದಿ. ಮೆಕ್ಸಿಕೋದ ಈ ಲೇಖಕ ಬರೆದದ್ದು ತೀರಾ ಕಡಿಮೆ. 1953ರಲ್ಲಿ ಒಂದು ಕಥಾಸಂಕಲನ, 1955ರಲ್ಲಿ 'ಪೆದ್ರೊ ಪರಾಮೊ' ಎಂಬ ಚಿಕ್ಕ ಕಾದಂಬರಿ. ಮಾರ್ಕ್ವೆಜ್ ಈ ಕಾದಂಬರಿಯನ್ನು ಬಾಯಿಪಾಠ ಆಗುವಷ್ಟು ಓದಿದ್ದೆ ಅಂತ ಹೇಳಿಕೊಂಡಿದ್ದಾರೆ. ಕನ್ನಡದಲ್ಲಿ ಓ.ಎಲ್. ನಾಗಭೂಷಣಸ್ವಾಮಿ ರುಲ್ಫೊನನ್ನು 'ಬೆಂಕಿ ಬಿದ್ದ ಬಯಲು' ಎಂಬ ಹೆಸರಿನಲ್ಲಿ ಕೊಟ್ಟಿದ್ದಾರೆ. ಕಾದಂಬರಿಯಲ್ಲಿ, ಸಾಯುತ್ತಿದ್ದ ತಾಯಿಗೆ ಮಾತು ಕೊಟ್ಟ ಮಗ ಹ್ವಾನ್ ಪ್ರೆಸಿಯಾದೊ ಅಪ್ಪನನ್ನು ಹುಡುಕಿಕೊಂಡು ಕೊಮಾಲಾ ಎಂಬ ಊರಿಗೆ ಹೋಗುತ್ತಾನೆ. ಊರಿನಲ್ಲಿ ಮಾತಾಡಿಸಿದವರೆಲ್ಲ ಬದುಕಿದವರು ಅಂತ ಹೇಳಲಾಗುವುದಿಲ್ಲ. ಇಲ್ಲಿ ತೊಡಕು ಹೆಸರುಗಳದ್ದಲ್ಲ, ಕಾಲದ್ದು. ಒಂದು ಪ್ಯಾರಾ ಈಗಿನದು, ಮುಂದಿನದು ನಲವತ್ತು ವರ್ಷ ಹಿಂದಿನದು, ಅದಾದ ಮೇಲೆ ಯಾರದೋ ಗೊಣಗು. ಆದರೆ ಪುಸ್ತಕ ಚಿಕ್ಕದು, ಇನ್ನೊಮ್ಮೆ ಓದಿದರೆ ಬಿಡಿಸಿಕೊಳ್ಳುತ್ತದೆ. ಬರ, ಜಮೀನ್ದಾರ, ಕೆಟ್ಟುಹೋದ ಊರು, ಇವು ಬಯಲುಸೀಮೆಯವರಿಗೆ ಅಪರಿಚಿತವೂ ಅಲ್ಲ. ಮೊದಲು ಕತೆಗಳು, ಆಮೇಲೆ ಕಾದಂಬರಿ, ಆಮೇಲೆ ಮಾರ್ಕ್ವೆಜ್. ಈ ಕ್ರಮದಲ್ಲಿ ಹೋದವರು ಮಾರ್ಕ್ವೆಜ್‌ನಲ್ಲಿ ಸೋಲುವುದು ಕಡಿಮೆ.

ಒಂದೇ ಪುಸ್ತಕ, ಎರಡು ಅನುವಾದ

ಟಾಲ್‌ಸ್ಟಾಯ್‌ನ 'ಯುದ್ಧ ಮತ್ತು ಶಾಂತಿ' ಕನ್ನಡದಲ್ಲಿ ದೇ. ಜವರೇಗೌಡರದ್ದೂ ಇದೆ, ಓ.ಎಲ್. ನಾಗಭೂಷಣಸ್ವಾಮಿಯವರದ್ದೂ ಇದೆ. ಇಬ್ಬರ ನಡುವೆ ತಲೆಮಾರುಗಳ ಅಂತರ. ಹಳೆಯದು ಗ್ರಂಥಾಲಯದಲ್ಲಿ ಸಿಕ್ಕರೆ ಓದಲು ಅಡ್ಡಿಯಿಲ್ಲ, ಆದರೆ ಇವತ್ತಿನ ಓದುಗರಿಗೆ ನಾನು ಹೊಸದನ್ನೇ ಹೇಳುತ್ತೇನೆ. ಇಷ್ಟು ಉದ್ದದ ಪುಸ್ತಕದಲ್ಲಿ ವಾಕ್ಯ ಇವತ್ತಿನ ಬಾಯಿಗೆ ಹತ್ತಿರ ಇದ್ದಷ್ಟೂ ಓದು ಮುಂದೆ ಸಾಗುತ್ತದೆ.

ಯಾವುದನ್ನೇ ಹಿಡಿದರೂ ಎರಡು ವಿಷಯ ಗೊತ್ತಿದ್ದರೆ ಅನುಕೂಲ. ಒಂದು, ರಷ್ಯನ್ ಹೆಸರು. ನಡುವಿನ ಹೆಸರು ಅಪ್ಪನದು. ಇಲ್ಯಾ ಎಂಬವನ ಮಗ ಇಲ್ಯಿಚ್, ಮಗಳು ಇಲ್ಯಿನಿಚ್ನಾ. ನತಾಶಾ ಅಂದರೂ ನತಾಲ್ಯಾ ಇಲ್ಯಿನಿಚ್ನಾ ಅಂದರೂ ಒಬ್ಬಳೇ. ಮೊದಲನೆಯದು ಮನೆಯಲ್ಲಿ ಕರೆಯುವುದು, ಎರಡನೆಯದು ಮರ್ಯಾದೆಯದು. ಇದು ತಿಳಿದರೆ ಪಾತ್ರಗಳ ಸಂಖ್ಯೆ ಅರ್ಧಕ್ಕೆ ಇಳಿದ ಹಾಗೆ ಅನ್ನಿಸುತ್ತದೆ. ಇನ್ನೊಂದು, ಮೂಲದಲ್ಲಿ ಶ್ರೀಮಂತರು ಪುಟಗಟ್ಟಲೆ ಫ್ರೆಂಚ್ ಮಾತಾಡುತ್ತಾರೆ. ಫ್ರಾನ್ಸಿನ ನೆಪೋಲಿಯನ್ ದಂಡೆತ್ತಿ ಬರುತ್ತಿರುವಾಗ ರಷ್ಯದ ದೊಡ್ಡಮನೆಗಳಲ್ಲಿ ಅವನ ಭಾಷೆಯದ್ದೇ ಹರಟೆ. ಆ ವ್ಯಂಗ್ಯ ಪುಸ್ತಕದ ಜೀವಾಳ. ಹಳೆಯ ಇಂಗ್ಲಿಷ್ ಅನುವಾದಗಳು ಫ್ರೆಂಚ್‌ನ ಬಹುಭಾಗವನ್ನು ಇಂಗ್ಲಿಷಿಗೇ ತಿರುಗಿಸಿಬಿಟ್ಟಿವೆ. ಅವನ್ನು ಹಿಡಿದು ಕನ್ನಡಕ್ಕೆ ಬಂದರೆ ಯಾವ ಮಾತು ಯಾವ ಭಾಷೆಯದು ಅಂತ ಗುರುತೇ ಉಳಿಯುವುದಿಲ್ಲ. ಅದಕ್ಕೇ 'ಫ್ರೆಂಚ್‌ನಲ್ಲಿ ಹೇಳಿದ' ಅನ್ನುವ ಥರದ ಸುಳಿವು ಸಿಕ್ಕಲ್ಲೆಲ್ಲ ಒಂದು ಕ್ಷಣ ನಿಂತು ಓದಿ.

ಅಂಗಡಿಯಲ್ಲಿ ಐದು ನಿಮಿಷ

ಪುಸ್ತಕ ಕೈಗೆ ಬಂದ ಕೂಡಲೇ ಮುಖಪುಟದ ಒಳಗಿನ ಹಾಳೆ ನೋಡಿ. 'ಅನುವಾದ' ಅಂತಿದೆಯೋ, 'ರೂಪಾಂತರ' ಅಂತಿದೆಯೋ, 'ಸಂಗ್ರಹಾನುವಾದ' ಅಂತಿದೆಯೋ? ಸಂಗ್ರಹ ಅಂದರೆ ಕತ್ತರಿಸಿದ್ದು. ಕೆಲವು ಪ್ರಕಾಶಕರು ಇದನ್ನು ಚಿಕ್ಕ ಅಕ್ಷರದಲ್ಲಿ ಹಾಕುತ್ತಾರೆ, ಕೆಲವರು ಹಾಕುವುದೇ ಇಲ್ಲ. ಆಗ ಪುಟ ಎಣಿಸಿ. ಪೂರ್ತಿ 'ಯುದ್ಧ ಮತ್ತು ಶಾಂತಿ' ಸಾವಿರ ಪುಟ ದಾಟಲೇಬೇಕು. ಮುನ್ನೂರು ಪುಟದ್ದು ಸಿಕ್ಕರೆ ಅದು ಕತೆಯ ಸಾರಾಂಶ ಅಂತ ತಿಳಿಯಿರಿ. ರೂಪಾಂತರ ಕೆಟ್ಟದ್ದೇನಲ್ಲ. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನೂ, ಬಿ. ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರನ್ನೂ ತಮ್ಮ ಕೈಚಳಕದಲ್ಲಿ ಕನ್ನಡಕ್ಕೆ ತಂದದ್ದರಿಂದಲೇ ಒಂದು ಕಾಲದಲ್ಲಿ ಇಲ್ಲಿ ಕಾದಂಬರಿ ಓದುವ ಚಟ ಬೆಳೆಯಿತು. ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿರಬೇಕು, ಅಷ್ಟೇ.

ಆಮೇಲೆ ಮೂಲದ ಹೆಸರು, ಭಾಷೆ, ಯಾವ ಅನುವಾದದ ಮೂಲಕ ಬಂದಿದೆ ಅನ್ನುವ ಸಾಲು ಇದೆಯಾ ನೋಡಿ. ಇದನ್ನೆಲ್ಲ ಮುಚ್ಚಿಡದೆ ಬರೆಯುವ ಅನುವಾದಕರ ಕೆಲಸವೂ ಸಾಮಾನ್ಯವಾಗಿ ಅಚ್ಚುಕಟ್ಟು.

ಕೊನೆಗೆ ನಡುವಿನ ಒಂದು ಪುಟ ತೆಗೆದು ಸಂಭಾಷಣೆ ಓದಿ. ಮೊದಲ ಪುಟ ನೋಡಬೇಡಿ, ಅದನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ. 'ಅವನಿಂದ ಬಾಗಿಲು ತೆರೆಯಲ್ಪಟ್ಟಿತು ಮತ್ತು ಅವಳು ಒಂದು ಆಶ್ಚರ್ಯದ ನೋಟವನ್ನು ಅವನಿಗೆ ನೀಡಿದಳು' ಅನ್ನುವ ಥರದ ವಾಕ್ಯ ಎರಡು ಸಿಕ್ಕರೆ ಪುಸ್ತಕ ವಾಪಸ್ ಇಡಿ. 'ಅವನು ಬಾಗಿಲು ತೆಗೆದ, ಅವಳು ಬೆರಗಾಗಿ ನೋಡಿದಳು' ಅನ್ನಲು ಬಾರದವರು ನಾನೂರು ಪುಟ ನಿಮ್ಮನ್ನು ಹಿಡಿದಿಡಲಾರರು. ಉಲ್ಟಾ ತಪ್ಪೂ ಇದೆ. ಪ್ಯಾರಿಸ್ಸಿನ ಮುದುಕಿ 'ಅಯ್ಯೋ ಶಿವನೇ' ಅಂದರೆ ಓದು ಸಲೀಸು, ಆದರೆ ನಾವು ಹೊರಟಿದ್ದು ಪ್ಯಾರಿಸ್ಸಿಗೆ ಅಲ್ವಾ.

ಕಾದಂಬರಿ ಬೇಡ, ರುಚಿ ನೋಡಬೇಕು ಅನ್ನುವವರಿಗೆ

ಇನ್ನೂ ಯಾವ ದೇಶ ಅಂತ ತೀರ್ಮಾನ ಆಗದವರಿಗೆ ಸಣ್ಣಕತೆಗಳೇ ಒಳ್ಳೆಯದು. ನಿರಂಜನ ಸಂಪಾದಿಸಿದ 'ವಿಶ್ವಕಥಾಕೋಶ' 25 ಸಂಪುಟಗಳದ್ದು, ನವಕರ್ನಾಟಕ ಪ್ರಕಾಶನ 1980ರ ದಶಕದ ಆರಂಭದಲ್ಲಿ ಹೊರತಂದಿತು. ಮೊದಲ ಸಂಪುಟ 'ಧರಣಿಮಂಡಲ ಮಧ್ಯದೊಳಗೆ' ಕನ್ನಡದ ಕತೆಗಳದ್ದು, ಉಳಿದವು ಹೊರಗಿನವು. ಅನುವಾದಕರು ಬೇರೆ ಬೇರೆ, ಆದ್ದರಿಂದ ಗುಣವೂ ಸಂಪುಟದಿಂದ ಸಂಪುಟಕ್ಕೆ ಬೇರೆ. 25ನ್ನೂ ಒಟ್ಟಿಗೆ ತಂದು ಕಪಾಟಿನಲ್ಲಿ ಸಾಲಾಗಿ ಇಡುವವರು ಓದುವುದು ಅಪರೂಪ. ಗ್ರಂಥಾಲಯದಿಂದ ಒಂದು ಸಂಪುಟ ತನ್ನಿ, ಹಿಡಿಸಿದ ಲೇಖಕನ ಹೆಸರು ಬರೆದಿಟ್ಟುಕೊಳ್ಳಿ, ಅವನ ಕಾದಂಬರಿ ಕನ್ನಡದಲ್ಲಿದೆಯಾ ಹುಡುಕಿ.

ಬಂಗಾಳಿಯ ಮಹಾಶ್ವೇತಾ ದೇವಿಯವರ ಕಥಾಸಾಹಿತ್ಯವನ್ನು ಎಚ್.ಎಸ್. ಶ್ರೀಮತಿ ಎರಡು ಸಂಪುಟಗಳಲ್ಲಿ ಕೊಟ್ಟಿದ್ದಾರೆ. ದೇವನೂರರ ಕತೆ ಓದಿದವರು ಮುಂದೆ ಹೋಗಬೇಕಾದ ಕಡೆ ಅದು. ದೇಶವಿಭಜನೆಯ ಬಗ್ಗೆ ಚಿಕ್ಕದಾಗಿ ಒಂದೇ ಪುಸ್ತಕ ಬೇಕೆಂದರೆ ಅಮೃತಾ ಪ್ರೀತಮ್‌ರ 'ಪಿಂಜರ್', ಎಲ್.ಸಿ. ಸುಮಿತ್ರಾ ಅವರ ಅನುವಾದದಲ್ಲಿ. ಅಪಹರಣವಾದ ಪೂರೋ ಹಮೀದಾ ಆಗಿ ಬದುಕುವ ಕತೆ.

ಸಿಗುವ ಜಾಗದ ವಿಷಯ ಒಂದಿಷ್ಟು. ಅನುವಾದಗಳು ಒಂದು ಸಲ ಅಚ್ಚಾಗಿ ಮುಗಿದರೆ ಮತ್ತೆ ಬರುವುದು ತಡ. ಸಾಹಿತ್ಯ ಅಕಾಡೆಮಿ, ನ್ಯಾಷನಲ್ ಬುಕ್ ಟ್ರಸ್ಟ್, ಕುವೆಂಪು ಭಾಷಾ ಭಾರತಿ ಪ್ರಾಧಿಕಾರದ ಪುಸ್ತಕಗಳು ಅಗ್ಗ, ಆದರೆ ಎಲ್ಲ ಅಂಗಡಿಯಲ್ಲೂ ಇಡುವುದಿಲ್ಲ. ಅವರವರ ಮಾರಾಟ ಮಳಿಗೆಗೇ ಹೋಗಬೇಕು, ಇಲ್ಲವೇ ಪುಸ್ತಕ ಮೇಳಕ್ಕೆ ಕಾಯಬೇಕು. ಹುಡುಕುವಾಗ ಮೂಲ ಲೇಖಕರ ಹೆಸರಿನಲ್ಲಿ ಸಿಗದಿದ್ದರೆ ಅನುವಾದಕರ ಹೆಸರಿನಲ್ಲಿ ಕೇಳಿ. ಗ್ರಂಥಾಲಯದ ಕಪಾಟಿನಲ್ಲಿ ಕೆಲವೊಮ್ಮೆ ಪುಸ್ತಕ ಅನುವಾದಕರ ಹೆಸರಿನ ಜಾಗದಲ್ಲೇ ಕೂತಿರುತ್ತದೆ.